ಲೈಕ್ ಹೆಚ್ಚಿದ್ದ ರೀಲ್ ಏಕೆ ಹಿಂದುಳಿಯಿತು?

ಪ್ರಶ್ನೆ: ಇನ್‌ಸ್ಟಾಗ್ರಾಮ್‌ನಲ್ಲಿ ನನಗೆ 4,200 ಫಾಲೋವರ್‌ಗಳಿದ್ದಾರೆ. ನಮ್ಮ ಅತ್ತೆಯವರು ಹಲಸಿನ ಹಪ್ಪಳ ಮಾಡುವ 90 ಸೆಕೆಂಡಿನ ರೀಲ್ ಹಾಕಿದೆ. 600 ಲೈಕ್ ಬಂತು, ಆದರೆ ತಲುಪಿದ್ದು 3,000 ಜನರನ್ನು ಮಾತ್ರ, ಶೇರ್ ಆಗಿದ್ದು ಆರೇ ಸಲ. ಹಲಸಿನ ಹಣ್ಣು ಕೊಯ್ಯುವ ಮುಂಚೆ ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿದರೆ ಮೇಣ ಅಂಟುವುದಿಲ್ಲ ಎಂದು ತೋರಿಸುವ 18 ಸೆಕೆಂಡಿನ ರೀಲ್‌ಗೆ 540 ಲೈಕ್, 800 ಶೇರ್ ಬಂದು, ಅದು 40,000 ಜನರನ್ನು ತಲುಪಿತು. ಸರಾಸರಿ ವೀಕ್ಷಣೆ ಮೊದಲನೆಯದಕ್ಕೆ 13 ಸೆಕೆಂಡ್, ಎರಡನೆಯದಕ್ಕೆ 17. ಕಡಿಮೆ ಲೈಕ್ ಬಂದದ್ದನ್ನೇ ಏಕೆ ಹೆಚ್ಚು ಜನರಿಗೆ ತೋರಿಸಿದರು?
— ಓದುಗರು, ಸಾಗರ

ಉತ್ತರ: ಎಣಿಕೆಯಾಗುವುದು ಒಟ್ಟು ಲೈಕ್ ಅಲ್ಲ, ನೋಡಿದವರ ಪೈಕಿ ಎಷ್ಟು ಮಂದಿ ಏನು ಮಾಡಿದರು ಎಂಬುದು. ನೀವು ಕೊಟ್ಟಿರುವ ಅಂಕಿಗಳನ್ನೇ ಭಾಗಿಸಿ ನೋಡೋಣ. ಹಪ್ಪಳದ ರೀಲ್ ನೋಡಿದ ನೂರು ಜನರಲ್ಲಿ 20 ಮಂದಿ ಲೈಕ್ ಒತ್ತಿದ್ದಾರೆ. ಎಣ್ಣೆಯ ರೀಲ್‌ನಲ್ಲಿ ಒಂದೂವರೆ ಮಂದಿಯೂ ಇಲ್ಲ. ಶೇರ್‌ನ ಲೆಕ್ಕ ಇದಕ್ಕೆ ತಿರುಗುಮುರುಗು. ಹಪ್ಪಳವನ್ನು ಐನೂರು ಜನರಲ್ಲಿ ಒಬ್ಬರು ಬೇರೆಯವರಿಗೆ ಕಳಿಸಿದರೆ, ಎಣ್ಣೆಯ ಉಪಾಯವನ್ನು ಐವತ್ತು ಜನರಲ್ಲಿ ಒಬ್ಬರು ಕಳಿಸಿದ್ದಾರೆ. ಹತ್ತು ಪಟ್ಟು ವ್ಯತ್ಯಾಸ.

ಇನ್‌ಸ್ಟಾಗ್ರಾಮ್ ಮುಖ್ಯಸ್ಥ ಆಡಮ್ ಮೊಸೆರಿ 2025ರ ಜನವರಿಯಲ್ಲಿ ಹೇಳಿದ ಮಾತು ನಿಮ್ಮ ಅನುಭವಕ್ಕೆ ಸರಿಯಾಗಿ ಹೊಂದುತ್ತದೆ. ಮೂರು ಸಂಗತಿಗಳು ಎಲ್ಲಕ್ಕಿಂತ ಮುಖ್ಯ ಎಂದರು ಅವರು: ಎಷ್ಟು ಹೊತ್ತು ನೋಡಿದರು, ನೋಡಿದವರಲ್ಲಿ ಎಷ್ಟು ಪಾಲು ಲೈಕ್ ಮಾಡಿದರು, ಎಷ್ಟು ಪಾಲು ಬೇರೆಯವರಿಗೆ ಕಳಿಸಿದರು. ನಿಮ್ಮನ್ನು ಈಗಾಗಲೇ ಫಾಲೋ ಮಾಡುವವರಿಗೆ ತೋರಿಸುವಾಗ ಲೈಕ್‌ಗೆ ತುಸು ಹೆಚ್ಚು ಬೆಲೆ. ನಿಮ್ಮ ಪರಿಚಯವೇ ಇಲ್ಲದವರಿಗೆ ತೋರಿಸುವಾಗ ಕಳಿಸುವಿಕೆಗೆ ಹೆಚ್ಚು ಬೆಲೆ. ಅತ್ತೆಯವರ ಕೈಕೆಲಸಕ್ಕೆ ಬಂದ 600 ಲೈಕ್‌ಗಳಲ್ಲಿ ಬಹುಪಾಲು ನಿಮ್ಮನ್ನು ಬಲ್ಲವರ ಪ್ರೀತಿ ಇರಬೇಕು. ಆ ಪ್ರೀತಿಯನ್ನು ಕಡೆಗಣಿಸಬೇಡಿ, ನಿಮ್ಮ ಮುಂದಿನ ರೀಲ್ ಅವರ ಫೀಡ್‌ನಲ್ಲಿ ಮೇಲೆ ಬರಲು ಅದೇ ಆಧಾರ. ಆದರೆ ಹೊರಗಿನವರ ಬಾಗಿಲು ತೆರೆದದ್ದು ಶೇರ್. ಮನೆಯಲ್ಲಿ ಹಲಸು ತಂದಿಟ್ಟವರೊಬ್ಬರು ಆ 18 ಸೆಕೆಂಡ್ ನೋಡಿ ತಂಗಿಗೋ ನಾದಿನಿಗೋ ಕಳಿಸಿದ್ದಾರೆ, ಏಕೆಂದರೆ ಅದು ಅವರ ಉಪಯೋಗಕ್ಕೆ ಬರುತ್ತದೆ.

ಇದರ ಹಿಂದಿನ ಲೆಕ್ಕ ತಿಳಿದರೆ ಗೊಂದಲ ಇನ್ನಷ್ಟು ಕಡಿಮೆಯಾಗುತ್ತದೆ. ಎಲ್ಲರಿಗೂ ಒಂದೇ ಪಟ್ಟಿ ಎಂಬುದು ಇಲ್ಲ. ಒಬ್ಬರು ಆ್ಯಪ್ ತೆರೆದಾಗ, ಅವರಿಗೆ ತೋರಿಸಬಹುದಾದ ಪೋಸ್ಟ್‌ಗಳನ್ನು ಮೊದಲು ಒಟ್ಟು ಮಾಡಲಾಗುತ್ತದೆ. ಆಮೇಲೆ ಒಂದೊಂದಕ್ಕೂ ಊಹೆ ನಡೆಯುತ್ತದೆ: ಇವರು ಇದನ್ನು ಕೊನೆಯವರೆಗೆ ನೋಡುವ ಸಾಧ್ಯತೆ ಎಷ್ಟು, ಲೈಕ್ ಮಾಡುವ ಸಾಧ್ಯತೆ ಎಷ್ಟು, ಕಳಿಸುವ ಸಾಧ್ಯತೆ ಎಷ್ಟು. ಊಹೆಗೆ ಆಧಾರ, ಇವರು ಹಿಂದೆ ನೋಡಿದ್ದು ಮತ್ತು ಇವರಂಥವರು ಈ ಪೋಸ್ಟ್ ಕಂಡಾಗ ಮಾಡಿದ್ದು. ಪ್ರತಿ ಸಾಧ್ಯತೆಯನ್ನೂ ಕಂಪನಿ ಅದಕ್ಕೆ ಗೊತ್ತುಮಾಡಿದ ತೂಕದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿದರೆ ಬರುವುದೇ ಆ ಪೋಸ್ಟ್‌ನ ಅಂಕ. ಹೆಚ್ಚು ಅಂಕದ್ದು ಮೇಲೆ.

ಇನ್‌ಸ್ಟಾಗ್ರಾಮ್ ತನ್ನ ತೂಕಗಳನ್ನು ಬಹಿರಂಗಪಡಿಸಿಲ್ಲ. ಟ್ವಿಟರ್ 2023ರಲ್ಲಿ ತನ್ನ ಕೋಡ್‌ನ ಒಂದು ಭಾಗವನ್ನು ಬಿಡುಗಡೆ ಮಾಡಿದಾಗ ಅಂಥ ತೂಕಗಳು ಬೆಳಕಿಗೆ ಬಂದವು. ಆಗ ಲೈಕ್‌ಗೆ ಇದ್ದ ತೂಕ 0.5. ಪ್ರತಿಕ್ರಿಯೆ ಬರೆದು, ಅದಕ್ಕೆ ಪೋಸ್ಟ್ ಹಾಕಿದವರೇ ಸ್ಪಂದಿಸಿದರೆ 75. ಪೋಸ್ಟ್ ವಿರುದ್ಧ ದೂರು ಕೊಟ್ಟರೆ ಮೈನಸ್ 369. ಒಬ್ಬರು ಲೈಕ್ ಮಾಡುವ ಸಾಧ್ಯತೆ ನೂರಕ್ಕೆ 20 ಇದ್ದರೂ ಅದರಿಂದ ಸಿಗುವ ಅಂಕ 0.1 ಮಾತ್ರ. ಮಾತುಕತೆ ನಡೆಯುವ ಸಾಧ್ಯತೆ ಇನ್ನೂರಕ್ಕೆ ಒಂದೇ ಇದ್ದರೂ 0.375 ಸಿಗುತ್ತದೆ. ದೂರಿನ ಸಾಧ್ಯತೆ ಸಾವಿರಕ್ಕೆ ಒಂದಾದರೆ ಸಾಕು, ಗಳಿಸಿದ್ದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಅಳಿಸಿಹೋಗುತ್ತದೆ. ಈ ಸಂಖ್ಯೆಗಳನ್ನು ನಿಮ್ಮ ರೀಲ್‌ಗೆ ಹಚ್ಚಬೇಡಿ; ಗುಣಾಕಾರದ ರೀತಿ ತಿಳಿಯಲೆಂದು ಕೊಟ್ಟಿದ್ದೇನೆ. ತೂಕ ನಿರ್ಧರಿಸುವವರು ಮನುಷ್ಯರೇ, ಅದನ್ನು ಬದಲಿಸುವವರೂ ಅವರೇ. ಫೇಸ್‌ಬುಕ್ 2017ರಲ್ಲಿ ಸಿಟ್ಟಿನ ಮುಖದ ಇಮೋಜಿಗೆ ಲೈಕ್‌ನ ಐದು ಪಟ್ಟು ತೂಕ ಕೊಟ್ಟಿತ್ತು. ಜಗಳ ಹಚ್ಚುವ ಪೋಸ್ಟ್‌ಗಳೇ ಮೇಲೇರಲು ಅದು ಸಹಾಯ ಮಾಡಿತು. ಕೊನೆಗೆ ಅದನ್ನು ಸೊನ್ನೆಗೆ ಇಳಿಸಬೇಕಾಯಿತು. ಅಂಥ ತೀರ್ಮಾನಗಳು ಮುಚ್ಚಿದ ಕೋಣೆಯಲ್ಲಿ ಆಗುವುದು ನನಗೆ ಇಂದಿಗೂ ಸರಿ ಕಾಣುವುದಿಲ್ಲ.

ಇನ್ನು ನೋಡುವ ಹೊತ್ತು. ನಿಮ್ಮ ತೊಂದರೆಯ ಮೂಲ ಇಲ್ಲಿದೆ ಎಂದು ನನಗನಿಸುತ್ತದೆ. ಎಣ್ಣೆಯ ರೀಲ್‌ನ 18 ಸೆಕೆಂಡಿನಲ್ಲಿ ಸರಾಸರಿ 17 ಸೆಕೆಂಡ್ ನೋಡಿದ್ದಾರೆ; ಕೆಲವರು ಎರಡನೆಯ ಸಲವೂ ನೋಡಿರುವುದು ಇದರಲ್ಲಿ ಸೇರಿರುತ್ತದೆ. ಹಪ್ಪಳದ 90ರಲ್ಲಿ 13. ಉದ್ದದ ವಿಡಿಯೊಗೆ ಶೇಕಡಾವಾರು ಕಡಿಮೆ ಬರುವುದು ಸಹಜ. 90ರಲ್ಲಿ 40 ಸೆಕೆಂಡ್ ನೋಡಿದ್ದರೆ ನಾನು ಚಿಂತಿಸುತ್ತಿರಲಿಲ್ಲ. ಆದರೆ ನಿಮ್ಮದು ಸೆಕೆಂಡಿನ ಲೆಕ್ಕದಲ್ಲೂ ಹಿಂದೆ ಬಿದ್ದಿದೆ. ಕೊನೆಯಲ್ಲಿ ಹಪ್ಪಳ ಕರಿಯುವುದನ್ನು ತೋರಿಸಿದ್ದರೆ, ಅಲ್ಲಿಯವರೆಗೆ ಬಂದವರು ತೀರಾ ಕಡಿಮೆ. ಕಳಿಸಬೇಕೆನಿಸುವ ಭಾಗವನ್ನು ಕಾಣದವರು ಕಳಿಸುವುದಾದರೂ ಹೇಗೆ? ಶೇರ್ ಕಡಿಮೆಯಾದದ್ದಕ್ಕೂ ವೀಕ್ಷಣೆಗೂ ಇರುವ ನಂಟು ಇದು.

ಖಚಿತಪಡಿಸಿಕೊಳ್ಳಲು ಆ ರೀಲ್‌ನ ಇನ್‌ಸೈಟ್ಸ್ ತೆರೆಯಿರಿ. ನೋಡಿದವರಲ್ಲಿ ಫಾಲೋವರ್‌ಗಳೆಷ್ಟು, ಹೊರಗಿನವರೆಷ್ಟು ಎಂಬ ಪಾಲು ಅಲ್ಲಿದೆ. ಯಾವ ಸೆಕೆಂಡಿನಲ್ಲಿ ಎಷ್ಟು ಜನ ಉಳಿದಿದ್ದರು ಎಂಬ ಗೆರೆಚಿತ್ರವೂ ಇರುತ್ತದೆ. ಗೆರೆ ಮೊದಲ ಮೂರು ಸೆಕೆಂಡಿನಲ್ಲೇ ಕುಸಿದಿದ್ದರೆ ತೊಂದರೆ ಆರಂಭದ ದೃಶ್ಯದ್ದು. ನಡುವೆ ಒಂದು ಕಡೆ ಮಾತ್ರ ಥಟ್ಟನೆ ಇಳಿದಿದ್ದರೆ ಆ ತುಣುಕನ್ನು ಕತ್ತರಿಸಬೇಕು. ಆದರೆ ಒಂದೇ ರೀಲ್ ನೋಡಿ ತೀರ್ಮಾನಕ್ಕೆ ಬರಬೇಡಿ. ಹಲಸಿನ ಕಾಲದಲ್ಲಿ ಹಲಸಿನ ಉಪಾಯಕ್ಕೆ ಬೇಡಿಕೆ ತಾನಾಗಿ ಏರುತ್ತದೆ. ನಿಮ್ಮ ಕಳೆದ ಎಂಟು ಹತ್ತು ರೀಲ್‌ಗಳ ಶೇರನ್ನು ತಲುಪಿದವರ ಸಂಖ್ಯೆಯಿಂದ ಭಾಗಿಸಿ, ಒಂದು ಹಾಳೆಯಲ್ಲಿ ಬರೆದು ಹೋಲಿಸಿ.

ನೆಂಟರಿಗೆಲ್ಲ ಫೋನ್ ಮಾಡಿ ಲೈಕ್ ಒತ್ತಿಸುವುದರಿಂದ ಉಪಯೋಗವಿಲ್ಲ, ಬದಲಿಗೆ ನಷ್ಟವೂ ಆಗಬಹುದು. ಅವರು ಎರಡು ಸೆಕೆಂಡ್ ನೋಡಿ, ಲೈಕ್ ಒತ್ತಿ, ಮುಂದೆ ಹೋಗುತ್ತಾರೆ. ಲೈಕಿನ ಪಾಲು ಏರಿದಂತೆ ಕಂಡರೂ ನೋಡುವ ಹೊತ್ತು ಕುಗ್ಗುತ್ತದೆ.

ಹಪ್ಪಳದ ರೀಲನ್ನು ಬಿಟ್ಟುಬಿಡಬೇಡಿ. ಹಪ್ಪಳ ಎಣ್ಣೆಯಲ್ಲಿ ಅರಳುವ ಮೂರು ಸೆಕೆಂಡನ್ನು ಮೊದಲಿಗೆ ತನ್ನಿ. ಆಮೇಲೆ ಸೊಳೆ ರುಬ್ಬಿದ ಹಿಟ್ಟಿನ ಹದವನ್ನು ಅತ್ತೆಯವರು ಬೆರಳಲ್ಲಿ ಪರೀಕ್ಷಿಸುವುದನ್ನು ಹತ್ತಿರದಿಂದ ತೋರಿಸಿ. ಹಪ್ಪಳ ಮಾಡಲು ಹೊರಟವರು ಇನ್ನೊಬ್ಬರಿಗೆ ಕಳಿಸುವುದು ಅದನ್ನೇ. ಒಟ್ಟು 35 ಸೆಕೆಂಡ್ ಸಾಕು. 2024ರ ಡಿಸೆಂಬರ್‌ನಲ್ಲಿ ಇನ್‌ಸ್ಟಾಗ್ರಾಮ್ ತಂದ ಟ್ರಯಲ್ ರೀಲ್ ಆಯ್ಕೆ ನಿಮ್ಮ ಖಾತೆಯಲ್ಲಿ ಇದ್ದರೆ ಅದರಲ್ಲೇ ಹಾಕಿ, ಅದು ರೀಲನ್ನು ಮೊದಲು ಫಾಲೋವರ್ ಅಲ್ಲದವರಿಗೆ ತೋರಿಸುತ್ತದೆ. ಪ್ರೀತಿಯ ಲೈಕ್‌ಗಳು ಬೆರೆಯದ ಲೆಕ್ಕ ಸಿಗುತ್ತದೆ. ಮೂರು ದಿನ ಬಿಟ್ಟು ಸರಾಸರಿ ವೀಕ್ಷಣೆ ಮತ್ತು ಶೇರ್ ಎರಡನ್ನೂ ಗುರುತು ಹಾಕಿಕೊಂಡು, ಹಳೆಯ 13 ಸೆಕೆಂಡ್ ಮತ್ತು ಐನೂರಕ್ಕೆ ಒಂದರ ಪಕ್ಕದಲ್ಲಿ ಇಟ್ಟು ನೋಡಿ.