ಆಸ್ಪತ್ರೆಗೆ ಹೋಗುವ ಮುಂಚೆ ಜಿಮ್‌ಗೆ ಕೊಡುವ ಪತ್ರ

ಪ್ರಶ್ನೆ: ನನ್ನ ಜಿಮ್ ಮೆಂಬರ್‌ಶಿಪ್ ಜನವರಿ 1ರಿಂದ ಡಿಸೆಂಬರ್ 31ರವರೆಗೆ ಇದೆ, ವರ್ಷದ ಹಣ ಪೂರ್ತಿ ಕಟ್ಟಿದ್ದೇನೆ. ಏಪ್ರಿಲ್ 15ಕ್ಕೆ ಆಸ್ಪತ್ರೆಗೆ ಸೇರುತ್ತಿದ್ದೇನೆ, ಮೂರು ತಿಂಗಳು ಅಲ್ಲೇ ಇರಬೇಕಂತೆ. ‘ಅನಾರೋಗ್ಯದ ಕಾರಣ ನನ್ನ ಮೆಂಬರ್‌ಶಿಪ್ ಕೆಲವು ತಿಂಗಳು ಫ್ರೀಜ್ ಮಾಡಿ’ ಅಂತ ಪತ್ರ ಬರೆದಿದ್ದೇನೆ. ಇಷ್ಟು ಸಾಕು ಅಂತಾರೆ ನಮ್ಮ ಟ್ರೈನರ್. ನಿಜವಾ ಸಾರ್?

ಉತ್ತರ: ಸಾಲದು. ನಿಮ್ಮ ಟ್ರೈನರ್‌ಗೆ ಸ್ಕ್ವಾಟ್ ಹೇಳಿಕೊಡಲು ಬರುತ್ತೆ, ಮೆಂಬರ್‌ಶಿಪ್ ಲೆಕ್ಕ ಅವರ ಕೆಲಸ ಅಲ್ಲ. ‘ನಾನು ನೋಡ್ಕೋತೀನಿ, ಟೆನ್ಷನ್ ಬೇಡ’ ಅಂದ ಟ್ರೈನರ್ ಮೂರು ತಿಂಗಳಲ್ಲಿ ಬೇರೆ ಜಿಮ್ ಸೇರಿರುತ್ತಾರೆ. ಆಮೇಲೆ ಮೆಂಬರ್ ಬಂದು ಕೌಂಟರ್‌ನಲ್ಲಿ ಜಗಳ ಆಡುತ್ತಾರೆ. ಜಿಮ್‌ಗಳ ಮೆಂಬರ್‌ಶಿಪ್ ವಿಭಾಗ ನೋಡಿಕೊಂಡ ಇಷ್ಟು ವರ್ಷದಲ್ಲಿ ಈ ಜಗಳ ಕೇಳಿ ಕೇಳಿ ನನಗೆ ಸಾಕಾಗಿದೆ.

ನಿಮ್ಮ ಪತ್ರ ಹಿಡಿದುಕೊಂಡು ಕೌಂಟರ್‌ನಲ್ಲಿ ಕೂತಿರುವ ಹುಡುಗಿಯ ಜಾಗದಲ್ಲಿ ಒಂದು ನಿಮಿಷ ಕೂತು ನೋಡಿ. ಅವಳ ಕಂಪ್ಯೂಟರ್‌ನಲ್ಲಿ ಫ್ರೀಜ್ ಅಂತ ಒತ್ತಿದರೆ ಮೂರು ಖಾನೆ ಬರುತ್ತೆ. ಶುರುವಾಗುವ ತಾರೀಖು, ಮುಗಿಯುವ ತಾರೀಖು, ಕಾರಣ. ‘ಕೆಲವು ತಿಂಗಳು’ ಅನ್ನುವುದನ್ನು ಅವಳು ಯಾವ ಖಾನೆಗೆ ಹಾಕಬೇಕು? ವೈದ್ಯರ ಪತ್ರವೂ ಜೊತೆಗಿಲ್ಲ. ಹಾಗಾಗಿ ಅವಳು ಸುಲಭದ ದಾರಿ ಹಿಡಿಯುತ್ತಾಳೆ. ಊರಿಗೆ, ಪ್ರವಾಸಕ್ಕೆ ಹೋಗುವವರಿಗೆ ಕೊಡುವ ಮಾಮೂಲಿ ಫ್ರೀಜ್ ಹಾಕಿಬಿಡುತ್ತಾಳೆ. ಅದಕ್ಕೆ ಬಹಳ ಕಡೆ 30 ದಿನದ ಮಿತಿ ಇರುತ್ತೆ. 31ನೇ ದಿನ ಅದು ತಾನಾಗೇ ಬಿಟ್ಟುಕೊಳ್ಳುತ್ತೆ, ಯಾರೂ ಫೋನ್ ಮಾಡಿ ಹೇಳುವುದಿಲ್ಲ. ನೀವು ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದಾಗಲೇ ಮೆಂಬರ್‌ಶಿಪ್‌ನ ದಿನಗಳು ಓಡುತ್ತಿರುತ್ತವೆ.

ವೈದ್ಯಕೀಯ ಫ್ರೀಜ್ ಅನ್ನುವುದು ಸಾಮಾನ್ಯವಾಗಿ ಬೇರೆಯೇ ಲೆಕ್ಕ. ಅದರ ಮಿತಿ ಜಾಸ್ತಿ, ಶುಲ್ಕ ಇದ್ದರೂ ಕಡಿಮೆ ಮಾಡುತ್ತಾರೆ, ಆದರೆ ಪುರಾವೆ ಕೇಳುತ್ತಾರೆ. ನೀವು ಸೇರುವಾಗ ಸಹಿ ಹಾಕಿದ ಫಾರ್ಮ್‌ನ ಹಿಂದಿನ ಪುಟದಲ್ಲಿ ಇದೆಲ್ಲ ಇರುತ್ತೆ. ಎಷ್ಟು ದಿನ ಮುಂಚೆ ಹೇಳಬೇಕು, ಗರಿಷ್ಠ ಎಷ್ಟು ದಿನ, ಹಿಂದಿನ ತಾರೀಖಿನಿಂದ ಫ್ರೀಜ್ ಕೊಡುತ್ತಾರಾ ಅನ್ನುವುದನ್ನು ಅಲ್ಲಿ ಓದಿ. ಕೊನೆಯದಕ್ಕೆ ಹೆಚ್ಚಿನ ಕಡೆ ಉತ್ತರ ‘ಇಲ್ಲ’. ಪತ್ರ ತಲುಪಿದ ದಿನದಿಂದಲೇ ಲೆಕ್ಕ. ಅದಕ್ಕೇ ಆಸ್ಪತ್ರೆಗೆ ಸೇರುವ ಮುಂಚೆ ಕೊಡಿ ಅನ್ನುವುದು. ದಿಢೀರ್ ಅಂತ ಸೇರಬೇಕಾಗಿ ಬಂದವರು ಮನೆಯವರ ಕೈಲಿ ಮೊದಲ ವಾರದಲ್ಲೇ ಕಳಿಸಲಿ, ಆಸ್ಪತ್ರೆಗೆ ಸೇರಿದ ತಾರೀಖಿನ ಪುರಾವೆ ಲಗತ್ತಿಸಲಿ. ಆಗ ಮ್ಯಾನೇಜರ್ ಮನಸ್ಸು ಮಾಡುವ ಸಾಧ್ಯತೆ ಇರುತ್ತೆ. ಮೂರು ತಿಂಗಳು ಕಳೆದ ಮೇಲೆ ಬಂದು ಕೇಳಿದರೆ ಯಾರೂ ಕರಗುವುದಿಲ್ಲ.

ಪತ್ರ ಹೀಗಿರಲಿ, ಇದಕ್ಕಿಂತ ಉದ್ದ ಬೇಡ:

*‘ನನ್ನ ಹೆಸರು, ಮೆಂಬರ್ ನಂಬರ್, ಫೋನ್ ನಂಬರ್ ಮೇಲಿದೆ. ಚಿಕಿತ್ಸೆಗಾಗಿ ಆಸ್ಪತ್ರೆಗೆ ಸೇರುತ್ತಿರುವುದರಿಂದ ಏಪ್ರಿಲ್ 15ರಿಂದ ಜುಲೈ 14ರವರೆಗೆ, ಎರಡೂ ದಿನ ಸೇರಿ 91 ದಿನ, ನನ್ನ ಮೆಂಬರ್‌ಶಿಪ್ ಅನ್ನು ವೈದ್ಯಕೀಯ ಕಾರಣದ ಮೇಲೆ ಫ್ರೀಜ್ ಮಾಡಿ. ವೈದ್ಯರ ಪತ್ರ ಲಗತ್ತಿಸಿದ್ದೇನೆ. ಅವಧಿ ಮುಂದುವರಿಸಬೇಕಾದರೆ ಜುಲೈ 14ಕ್ಕೆ ಮುಂಚೆ ತಿಳಿಸುತ್ತೇನೆ. ನನ್ನ ಪರವಾಗಿ ನನ್ನ ತಮ್ಮ ವ್ಯವಹರಿಸಬಹುದು, ಅವನ ಹೆಸರು ಮತ್ತು ನಂಬರ್ ಕೆಳಗಿದೆ. ಫ್ರೀಜ್ ಆದದ್ದನ್ನೂ ಹೊಸ ಮುಕ್ತಾಯ ದಿನಾಂಕವನ್ನೂ ಬರವಣಿಗೆಯಲ್ಲಿ ತಿಳಿಸಿ.’*

‘ಮೂರು ತಿಂಗಳು’ ಅನ್ನದೆ 91 ದಿನ ಅಂತ ಬರೆಸಿದ್ದು ಸುಮ್ನೆ ಅಲ್ಲ. ಏಪ್ರಿಲ್‌ನಲ್ಲಿ 16, ಮೇನಲ್ಲಿ 31, ಜೂನ್‌ನಲ್ಲಿ 30, ಜುಲೈನಲ್ಲಿ 14. ಡಿಸೆಂಬರ್ 31ಕ್ಕೆ ಇದನ್ನು ಸೇರಿಸಿದರೆ ನಿಮ್ಮ ಕೊನೆಯ ದಿನ ಮರುವರ್ಷ ಏಪ್ರಿಲ್ 1 (ಫೆಬ್ರವರಿಗೆ 29 ದಿನ ಇದ್ದರೆ ಮಾರ್ಚ್ 31). ಕೆಲವರು ತಿಂಗಳಿಗೆ 28 ದಿನ ಹಿಡಿದು 84 ದಿನ ಮಾತ್ರ ಸೇರಿಸುತ್ತಾರೆ. ಅಲ್ಲಿಗೆ ಒಂದು ವಾರ ಹೋಯ್ತು. ಜಿಮ್‌ನ ಉತ್ತರದಲ್ಲಿ ಬಂದ ಮುಕ್ತಾಯ ದಿನಾಂಕ ಇದಕ್ಕೆ ಹೊಂದುತ್ತಾ ಅಂತ ಅವತ್ತೇ ನೋಡಿ. ಆ್ಯಪ್ ಇದ್ದರೆ ಅದರಲ್ಲೂ ನೋಡಿ. ಅಲ್ಲಿ ಇನ್ನೂ ಹಳೇ ದಿನಾಂಕವೇ ಇದ್ದರೆ ಫ್ರೀಜ್ ಆಗಿಲ್ಲ ಅಥವಾ ಅರ್ಧಂಬರ್ಧ ಆಗಿದೆ ಅಂತ ತಿಳಿಯಿರಿ. ಪರ್ಸನಲ್ ಟ್ರೈನಿಂಗ್ ಪ್ಯಾಕೇಜ್ ತಗೊಂಡಿದ್ದರೆ ಅದರ ಅವಧಿ ಬೇರೆ. ಅದನ್ನೂ ಪತ್ರದಲ್ಲಿ ಹೆಸರಿಸಿ ಕೇಳಬೇಕು.

ಇನ್ನು ವೈದ್ಯರ ಪತ್ರ. ಆಸ್ಪತ್ರೆಯ ಲೆಟರ್‌ಹೆಡ್, ನಿಮ್ಮ ಹೆಸರು, ಎಂದಿನಿಂದ ಎಂದಿನವರೆಗೆ, ‘ಈ ಅವಧಿಯಲ್ಲಿ ವ್ಯಾಯಾಮ ಮಾಡುವಂತಿಲ್ಲ’ ಅನ್ನುವ ಒಂದು ಸಾಲು, ಸಹಿ, ಸೀಲು. ಇಷ್ಟೇ ಸಾಕು. ಕಾಯಿಲೆ ಯಾವುದು ಅಂತ ಹೇಳುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಆದರೂ ಜನ ಸ್ಕ್ಯಾನ್ ರಿಪೋರ್ಟ್, ರಕ್ತ ಪರೀಕ್ಷೆ ಎಲ್ಲ ತಂದು ಸುರಿಯುತ್ತಾರೆ. ಒಬ್ಬರ ಸ್ಕ್ಯಾನ್ ರಿಪೋರ್ಟ್ ವಾರಗಟ್ಟಲೆ ಕೌಂಟರ್‌ನಲ್ಲಿ ಪ್ರೋಟೀನ್ ಶೇಕರ್ ಅಡಿಗೆ ಬಿದ್ದಿದ್ದನ್ನು ನಾನೇ ಎತ್ತಿ ಒಳಗಿಟ್ಟಿದ್ದೇನೆ. ಹೋಗಿಬರುವವರೆಲ್ಲ ಓದಲಿ ಅಂತ ಇದ್ದರೆ ಕೊಡಿ, ನಿಮ್ಮಿಷ್ಟ.

ಮುಗಿಯುವ ತಾರೀಖಿನ ಬಗ್ಗೆ ಮಾತ್ರ ಸ್ವಲ್ಪ ಜಾಗ್ರತೆ. ಜುಲೈ 14ಕ್ಕೆ ಮನೆಗೆ ಬಂದವರು 15ಕ್ಕೆ ಡಂಬಲ್ ಎತ್ತುವುದಿಲ್ಲ, ಅಲ್ವಾ? ಹೊಟ್ಟೆಯ ದೊಡ್ಡ ಆಪರೇಷನ್ ಆದವರಿಗೆ ಸುಮಾರು 6 ವಾರ ಭಾರ ಎತ್ತಬೇಡಿ ಅಂತ ವೈದ್ಯರು ಹೇಳುವುದುಂಟು. ತಿಂಗಳುಗಟ್ಟಲೆ ಮಲಗಿದ ಮೇಲೆ ಮೆಟ್ಟಿಲು ಹತ್ತುವುದೇ ವ್ಯಾಯಾಮ. ಜುಲೈ ಮೊದಲ ವಾರದಲ್ಲಿ ವೈದ್ಯರನ್ನು ಕೇಳಿ, ಅವರು ಇನ್ನೂ ಬೇಡ ಅಂದರೆ ಹೊಸ ತಾರೀಖಿನ ಪತ್ರ ತಗೊಂಡು ಜಿಮ್‌ಗೆ ಕಳಿಸಿ. ಫ್ರೀಜ್ ಒಮ್ಮೆ ಬಿಟ್ಟುಕೊಂಡ ಮೇಲೆ ಎರಡನೇ ಸಲ ಹಾಕಿಸುವುದು ತಲೆನೋವು, ವರ್ಷಕ್ಕೆ ಒಂದೇ ಸಲ ಅನ್ನುವ ಜಿಮ್‌ಗಳೂ ಇವೆ.

ತಿಂಗಳು ತಿಂಗಳು ಬ್ಯಾಂಕ್‌ನಿಂದ ತಾನಾಗೇ ಹಣ ಹೋಗುವವರಿಗೆ ಒಂದು ಮಾತು. ‘ಬ್ಯಾಂಕ್‌ಗೆ ಹೇಳಿ ಪಾವತಿ ನಿಲ್ಲಿಸಿಬಿಡಿ, ಅದೇ ಫ್ರೀಜ್’ ಅಂತ ಹೇಳಿಕೊಡುವ ಮಹಾನುಭಾವರು ಪ್ರತಿ ಜಿಮ್‌ನಲ್ಲೂ ಇದ್ದಾರೆ. ಅವರ ಮಾತು ಕೇಳಬೇಡಿ. ಜಿಮ್‌ನ ಪುಸ್ತಕದಲ್ಲಿ ಅದು ಫ್ರೀಜ್ ಅಲ್ಲ, ಬಾಕಿ. ಮೂರು ತಿಂಗಳ ಬಾಕಿಗೆ ದಂಡ ಸೇರುತ್ತೆ, ಹಳೇ ರೇಟೂ ಹೋಗಬಹುದು. ಮೊದಲು ಫ್ರೀಜ್ ಖಚಿತ ಮಾಡಿಕೊಳ್ಳಿ, ಅದೂ ಮುಂದಿನ ಕಡಿತದ ದಿನಕ್ಕೆ ಮುಂಚೆ. ಕಡಿತಕ್ಕೆ ಎರಡು ದಿನ ಇರುವಾಗ ಪತ್ರ ಕೊಟ್ಟರೆ ಆ ತಿಂಗಳ ಹಣ ಹೋಗಿಯೇ ಹೋಗುತ್ತೆ. ಅದನ್ನು ಮುಂದಿನ ತಿಂಗಳಿಗೆ ಜಮಾ ಮಾಡಿ ಅಂತ ಅದೇ ಪತ್ರದಲ್ಲಿ ಕೇಳಿ.

ಪ್ರಶ್ನೆ: ಹೋಗದ ದಿನಗಳು ತಾನಾಗೇ ಕೊನೆಗೆ ಸೇರುತ್ತವಾ?

ಉತ್ತರ: ಇಲ್ಲ. ಇದನ್ನು ಇನ್ನೊಮ್ಮೆ ಕೇಳಬೇಡಿ.

ಪ್ರಶ್ನೆ: ಆಸ್ಪತ್ರೆಯಿಂದ ಬಂದ ತಕ್ಷಣ ಚೆನ್ನಾಗಿ ಬೆವರು ಸುರಿಸಿದರೆ ಮಾತ್ರೆಯ ವಿಷ ಎಲ್ಲ ಹೊರಗೆ ಹೋಗುತ್ತೆ ಅಂತ ಒಬ್ಬರು ಪುಡಿ ಮಾರುವವರು ಹೇಳಿದರು.

ಉತ್ತರ: ಔಷಧವನ್ನು ಹೊರಗೆ ಹಾಕುವ ಕೆಲಸ ಮುಖ್ಯವಾಗಿ ಯಕೃತ್ತು, ಮೂತ್ರಪಿಂಡದ್ದು, ಟ್ರೆಡ್‌ಮಿಲ್‌ದಲ್ಲ. ಆ ಪುಡಿಯ ಡಬ್ಬಿ ವಾಪಸ್ ಕೊಡಿ.

ಪ್ರಶ್ನೆ: ಫ್ರೀಜ್ ಇರುವಾಗ ನನ್ನ ಕಾರ್ಡಿನಲ್ಲಿ ತಂಗಿ ಹೋಗಬಹುದಾ?

ಉತ್ತರ: ಬೇಡ. ಕೆಲವು ಕಡೆ ಬಾಗಿಲಲ್ಲಿ ಕಾರ್ಡ್ ಒಮ್ಮೆ ಉಜ್ಜಿದರೆ ನೀವೇ ವಾಪಸ್ ಬಂದಿರಿ ಅಂತ ಫ್ರೀಜ್ ತೆಗೆದುಬಿಡುತ್ತಾರೆ.