ಕೊನೆಯ ದಿನಾಂಕದ ಚಿತ್ರಕ್ಕೆ ಎಂಥ ಅಡಿಬರಹ?

ಪ್ರಶ್ನೆ: ಶಿರಸಿಯಲ್ಲಿ ಲೆಕ್ಕಪರಿಶೋಧಕನಾಗಿದ್ದೇನೆ. ರಿಟರ್ನ್ ಸಲ್ಲಿಕೆಯ ಕೊನೆಯ ದಿನಾಂಕಗಳನ್ನು ತೋರಿಸುವ ಇನ್ಫೋಗ್ರಾಫಿಕ್ ಒಂದನ್ನು ಮಾಡಿಸಿ ವಾಟ್ಸ್ಆ್ಯಪ್‌ನಲ್ಲಿ ಹಂಚಬೇಕೆಂದಿದ್ದೇನೆ. ನೋಡುವವರು ಹೆಚ್ಚಾಗಿ ಅಡಿಕೆ ಬೆಳೆಗಾರರು, ಸಣ್ಣ ಅಂಗಡಿಯವರು. ಅಡಿಬರಹ ಹೇಗಿರಬೇಕು? ‘ತಜ್ಞರನ್ನು ಸಂಪರ್ಕಿಸಿ’ ಎಂದು ಸೇರಿಸಿದರೆ ಸಾಕೇ?

ಉತ್ತರ: ಇಂಥ ಚಿತ್ರಗಳಲ್ಲಿ ದಿನಾಂಕವೇನೋ ದಪ್ಪಕ್ಷರದಲ್ಲಿ ಇರುತ್ತದೆ. ಅದು ಯಾವ ವರ್ಷದ ಲೆಕ್ಕಕ್ಕೆ, ಯಾರಿಗೆ ಅನ್ವಯ, ಯಾವಾಗ ಬರೆದದ್ದು ಎಂಬುದು ಮಾತ್ರ ಇರುವುದಿಲ್ಲ. ಈ ಮೂರನ್ನು ಹೇಳುವುದೇ ಅಡಿಬರಹದ ಕೆಲಸ. ‘ಕೊನೆಯ ದಿನ ಬಂತು, ಬೇಗ ಬನ್ನಿ’ ಎಂದು ಬರೆದರೆ ಸಿಕ್ಕ ಎರಡು ಸಾಲೂ ದಂಡ.

2025ರಲ್ಲಿ ಏನಾಯಿತೆಂದು ನಿಮಗೆ ಗೊತ್ತೇ ಇದೆ. ಲೆಕ್ಕಪರಿಶೋಧನೆ ಕಡ್ಡಾಯವಲ್ಲದವರು 2024-25ರ ಹಣಕಾಸು ವರ್ಷದ ರಿಟರ್ನನ್ನು ಜುಲೈ 31ರೊಳಗೆ ಸಲ್ಲಿಸಬೇಕಿತ್ತು. ಮೇ ಕೊನೆಯಲ್ಲಿ ಅದು ಸೆಪ್ಟೆಂಬರ್ 15ಕ್ಕೆ ಹೋಯಿತು. ಆ 15ರ ರಾತ್ರಿ ಮತ್ತೊಂದು ದಿನ ಸಿಕ್ಕಿತು. ಹೀಗೆ ಒಂದೇ ರಿಟರ್ನಿಗೆ ಮೂರು ದಿನಾಂಕಗಳಾದವು. ಆಯಾ ಹೊತ್ತಿಗೆ ಮೂರೂ ನಿಜವೇ. ಆದರೆ ಒಮ್ಮೆ ಹಂಚಿದ ಚಿತ್ರವನ್ನು ಎಲ್ಲ ಮೊಬೈಲ್‌ಗಳಿಂದ ಯಾರೂ ಹಿಂದಕ್ಕೆ ಪಡೆಯಲಾರರು. ಆದ್ದರಿಂದ ‘ಈ ಮಾಹಿತಿ ಇಂಥ ದಿನದಂದು ಇದ್ದಂತೆ’ ಎಂಬ ಸಾಲನ್ನು ಬಿಡಲೇಬೇಡಿ. ವರ್ಷವನ್ನೂ ಎರಡು ಬಗೆಯಲ್ಲಿ ಬರೆಯಿರಿ. ಹಣಕಾಸು ವರ್ಷ 2024-25 ಎಂದರೆ ನಿರ್ಧರಣಾ ವರ್ಷ 2025-26. ಪೋರ್ಟಲ್‌ನಲ್ಲಿ ಎರಡನೆಯದನ್ನು ಕಂಡ ಬೆಳೆಗಾರರು ‘ಇದು ಮುಂದಿನ ವರ್ಷದ್ದು’ ಎಂದು ಮುಚ್ಚಿಬಿಡುತ್ತಾರೆ. 2026ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ಕಾಯ್ದೆಯಲ್ಲಿ ‘ತೆರಿಗೆ ವರ್ಷ’ ಎಂಬ ಒಂದೇ ಹೆಸರಿದೆ. ಆದರೂ ಹಳೆಯ ವರ್ಷಗಳ ರಿಟರ್ನಿಗೆ ಹಳೆಯ ಹೆಸರುಗಳೇ ನಡೆಯುತ್ತವೆ, ಗೊಂದಲ ಕೆಲಕಾಲ ಇದ್ದೇ ಇರುತ್ತದೆ.

ಜಿಎಸ್‌ಟಿ ದಿನಾಂಕವನ್ನೂ ಹಾಕುವುದಾದರೆ ರಾಜ್ಯದ ಹೆಸರು ಇರಲಿ. ಮೂರು ತಿಂಗಳಿಗೊಮ್ಮೆ 3ಬಿ ರಿಟರ್ನ್ ಸಲ್ಲಿಸುವ ಕರ್ನಾಟಕದ ವ್ಯಾಪಾರಿಗೆ ಕೊನೆಯ ದಿನ ತ್ರೈಮಾಸಿಕದ ಮರು ತಿಂಗಳ 22, ದೆಹಲಿಯವರಿಗೆ 24. ದೆಹಲಿಯ ಕಡೆ ಮಾಡಿದ ಚಿತ್ರವನ್ನೇ ಕನ್ನಡಕ್ಕೆ ತಂದು ಹಂಚಿದರೆ ನಿಮ್ಮ ಅಂಗಡಿಯವರು ಎರಡು ದಿನ ತಡವಾಗಿ ದಿನಕ್ಕೆ 50 ರೂಪಾಯಿಯಂತೆ ವಿಳಂಬ ಶುಲ್ಕ ಕಟ್ಟುತ್ತಾರೆ, ತೆರಿಗೆಯ ಮೇಲೆ ಬಡ್ಡಿ ಬೇರೆ. ಮೊತ್ತ ದೊಡ್ಡದಲ್ಲ, ಆದರೆ ಬೈಗುಳ ನಿಮಗೇ. ಗೋವಾಕ್ಕೂ 22ನೇ ತಾರೀಖೇ ಇರುವುದರಿಂದ ಕಾರವಾರದ ಕಡೆಯವರಿಗೆ ಈ ತೊಡಕು ಕಡಿಮೆ.

ಇನ್ನು ‘ತಜ್ಞರನ್ನು ಸಂಪರ್ಕಿಸಿ’ ಎಂಬ ಸಾಲು. ಅದನ್ನು ಯಾರೂ ಓದುವುದಿಲ್ಲ. ಯಾರಿಗೆ ಹೇಳಿದ್ದು ಎಂದು ತಿಳಿಯದ ಮಾತು ಎಲ್ಲರಿಗೂ ‘ನನಗಲ್ಲ’ ಎಂದೇ ಕೇಳಿಸುತ್ತದೆ. ನಿಮ್ಮ ಊರಿನಲ್ಲಿ ಯಾರಿಗೆ ನಿಜವಾಗಿ ಸಲಹೆ ಬೇಕು ಎಂದು ಮೊದಲು ನೋಡೋಣ.

ಅರವತ್ತು ತುಂಬದ ಒಬ್ಬ ಬೆಳೆಗಾರರನ್ನು ಊಹಿಸಿಕೊಳ್ಳಿ. 2024-25ರಲ್ಲಿ ಖರ್ಚು ಕಳೆದು ಅಡಿಕೆ ತೋಟದಿಂದ 6 ಲಕ್ಷ ರೂಪಾಯಿ, ಬ್ಯಾಂಕಿನ ಠೇವಣಿಯಿಂದ 3.60 ಲಕ್ಷ ರೂಪಾಯಿ ಬಡ್ಡಿ. ಬ್ಯಾಂಕ್ ಆ ಬಡ್ಡಿಯಲ್ಲಿ ನೂರಕ್ಕೆ ಹತ್ತರಂತೆ 36,000 ರೂಪಾಯಿಯನ್ನು ಟಿಡಿಎಸ್ ಎಂದು ಹಿಡಿದಿದೆ. ‘ತೋಟದ ಆದಾಯಕ್ಕೆ ತೆರಿಗೆ ಇಲ್ಲ, ಈ ದಿನಾಂಕ ನಮಗಲ್ಲ’ ಎಂದು ಅವರು ಚಿತ್ರವನ್ನು ದಾಟಿ ಹೋಗುತ್ತಾರೆ. ಮಾತಿನ ಮೊದಲರ್ಧ ಸರಿ. ಆದರೆ ಬಡ್ಡಿ ಒಂದೇ ಆ ವರ್ಷದ ಹೊಸ ಪದ್ಧತಿಯ 3 ಲಕ್ಷದ ಮಿತಿಯನ್ನು ದಾಟಿದೆ, ಹಾಗಾಗಿ ರಿಟರ್ನ್ ಕಡ್ಡಾಯ. ತೆರಿಗೆಯ ದರ ಲೆಕ್ಕ ಹಾಕುವಾಗ ತೋಟದ ಆದಾಯವನ್ನೂ ಸೇರಿಸಿ ನೋಡಬೇಕು. ಹಾಗೆ ನೋಡಿದರೆ 6,000 ರೂಪಾಯಿ ತೆರಿಗೆ ಬರುತ್ತದೆ. ತೆರಿಗೆಗೆ ಒಳಪಡುವ ಆದಾಯ 7 ಲಕ್ಷದೊಳಗೆ ಇರುವುದರಿಂದ 87ಎ ರಿಯಾಯಿತಿಯಲ್ಲಿ ಅದೂ ಸೊನ್ನೆಯಾಗುತ್ತದೆ. ಕೃಷಿ ಆದಾಯ 5,000 ರೂಪಾಯಿ ಮೀರಿದ್ದರಿಂದ ಐಟಿಆರ್-1 ನಡೆಯುವುದಿಲ್ಲ, ಐಟಿಆರ್-2 ತುಂಬಬೇಕು.

ಕಟ್ಟಬೇಕಾದ ತೆರಿಗೆ ಏನೂ ಇಲ್ಲ, ಹಿಡಿದಿಟ್ಟ 36,000 ರೂಪಾಯಿ ವಾಪಸು ಬರಬೇಕು. ಗಡುವು ತಪ್ಪಿದರೂ ಡಿಸೆಂಬರ್ 31ರವರೆಗೆ 1,000 ರೂಪಾಯಿ ಶುಲ್ಕದೊಂದಿಗೆ ರಿಟರ್ನ್ ಸಲ್ಲಿಸಿ ಹಣ ಪಡೆಯಬಹುದು (ತೆರಿಗೆಗೆ ಒಳಪಡುವ ಆದಾಯ 5 ಲಕ್ಷ ಮೀರಿದ್ದರೆ ಶುಲ್ಕ 5,000). ಡಿಸೆಂಬರ್ ಕಳೆದರೆ ವಿಳಂಬ ಮನ್ನಿಸುವಂತೆ ಅರ್ಜಿ ಹಾಕಿ ಕಾಯುವುದೊಂದೇ ದಾರಿ. ಆಮೇಲೆ ಸಲ್ಲಿಸಬಹುದಾದ ‘ಅಪ್‌ಡೇಟೆಡ್’ ರಿಟರ್ನಿನಲ್ಲಿ ಮರುಪಾವತಿ ಕೇಳಲು ಬರುವುದಿಲ್ಲ. ನಿಮ್ಮ ಸೂಚನೆಯ ಸಾಲು ಮುಟ್ಟಬೇಕಾದದ್ದು ಇಂಥವರನ್ನು. ಅದಕ್ಕಾಗಿ ಅವರ ಗುರುತು ಅದರಲ್ಲಿ ಇರಬೇಕು: ತೋಟದ ಜೊತೆಗೆ ಬಡ್ಡಿ, ಟಿಡಿಎಸ್.

ಸೂಚನೆಯಲ್ಲಿ ‘ತಪ್ಪದೆ ನಮ್ಮ ಕಚೇರಿಗೇ ಬನ್ನಿ, ಕಡಿಮೆ ಶುಲ್ಕ’ ಎಂದು ಬರೆಯುವ ಆಸೆ ಬೇಡ. ಲೆಕ್ಕಪರಿಶೋಧಕರ ಕಾಯ್ದೆ, 1949ರ ಮೊದಲ ಅನುಸೂಚಿ ಸುತ್ತೋಲೆ, ಜಾಹೀರಾತುಗಳ ಮೂಲಕ ಕೆಲಸ ಕೋರುವುದನ್ನು ವೃತ್ತಿ ದುರ್ನಡತೆಯ ಪಟ್ಟಿಗೆ ಸೇರಿಸಿದೆ. ಹಂಚುವ ಮುನ್ನ ಐಸಿಎಐಯ ಸದ್ಯದ ಮಾರ್ಗಸೂಚಿಯನ್ನು ಒಮ್ಮೆ ತೆರೆದು ನೋಡಿ. ‘ಲೆಕ್ಕಪರಿಶೋಧಕರಿಗೆ ಅಥವಾ ತೆರಿಗೆ ಸಲಹೆಗಾರರಿಗೆ ತೋರಿಸಿ’ ಎಂದರೆ ನಿಮಗೂ ಕ್ಷೇಮ, ಓದುವವರಿಗೂ ನಂಬಿಕೆ.

ಮಾದರಿಗೆ, ದಿನಾಂಕಗಳು ಇನ್ನು ಬದಲಾಗದ ಆ ಮುಗಿದ ವರ್ಷದ್ದನ್ನೇ ಬರೆದು ತೋರಿಸುತ್ತೇನೆ:

‘ಹಣಕಾಸು ವರ್ಷ 2024-25ರ (ನಿರ್ಧರಣಾ ವರ್ಷ 2025-26) ಆದಾಯ ತೆರಿಗೆ ರಿಟರ್ನ್. ಲೆಕ್ಕಪರಿಶೋಧನೆ ಕಡ್ಡಾಯವಲ್ಲದವರಿಗೆ ಕೊನೆಯ ದಿನ 2025 ಸೆಪ್ಟೆಂಬರ್ 16. ಆಮೇಲೆ ವಿಳಂಬ ಶುಲ್ಕದೊಂದಿಗೆ ಡಿಸೆಂಬರ್ 31ರವರೆಗೆ. ಸಲ್ಲಿಸಿದ 30 ದಿನಗಳೊಳಗೆ ಇ-ವೆರಿಫಿಕೇಶನ್ ಮಾಡಿ. ತೋಟದ ಆದಾಯದ ಜೊತೆ ಬಡ್ಡಿ, ಬಾಡಿಗೆ ಅಥವಾ ವ್ಯಾಪಾರದ ಆದಾಯ ಇದ್ದರೆ, ಬ್ಯಾಂಕ್ ಟಿಡಿಎಸ್ ಹಿಡಿದಿದ್ದರೆ, ಪಾಸ್‌ಬುಕ್ ಮತ್ತು ಅಡಿಕೆ ಮಾರಾಟದ ಪಟ್ಟಿಯೊಂದಿಗೆ ಲೆಕ್ಕಪರಿಶೋಧಕರನ್ನು ಅಥವಾ ತೆರಿಗೆ ಸಲಹೆಗಾರರನ್ನು ಕಾಣಿ. ಈ ಮಾಹಿತಿ 2025 ಸೆಪ್ಟೆಂಬರ್ 16ರಂದು ಇದ್ದಂತೆ.’

ಇ-ವೆರಿಫಿಕೇಶನ್ನಿನ ಸಾಲನ್ನು ಉದ್ದವಾಯಿತೆಂದು ಕತ್ತರಿಸಬೇಡಿ. 30 ದಿನ ದಾಟಿ ಅದನ್ನು ಮಾಡಿದರೆ ಆ ದಿನವನ್ನೇ ಸಲ್ಲಿಕೆಯ ದಿನವೆಂದು ಹಿಡಿಯುತ್ತಾರೆ. ಗಡುವಿನೊಳಗೆ ಕಳುಹಿಸಿದ್ದ ರಿಟರ್ನೂ ತಡವಾದಂತಾಗುತ್ತದೆ. ಕತ್ತರಿಸಲೇಬೇಕಾದರೆ ಜಿಎಸ್‌ಟಿಯನ್ನು ಬೇರೆ ಚಿತ್ರಕ್ಕೆ ಹಾಕಿ, ಮೇಲಿನ ಮಾದರಿಯಲ್ಲಿ ನಾನೂ ಅದನ್ನು ಸೇರಿಸಿಲ್ಲ. ಚಿತ್ರವನ್ನು ಮುಂದಕ್ಕೆ ಕಳುಹಿಸುವವರು ಅಡಿಬರಹವನ್ನು ತೆಗೆದುಹಾಕುವುದೂ ಉಂಟು. ಆದ್ದರಿಂದ ವರ್ಷ ಮತ್ತು ‘ಇಂಥ ದಿನದಂದು ಇದ್ದಂತೆ’ ಎಂಬ ಸಾಲು, ಇವೆರಡನ್ನು ಚಿತ್ರದೊಳಗೇ, ದಿನಾಂಕದ ಪಕ್ಕದಲ್ಲಿ ಮುದ್ರಿಸಿಬಿಡಿ.