ಎರಡು ಚಿತ್ರ, 440 ವರ್ಷ ಅಂತರ: ಹೋಲಿಕೆಯ ಪ್ರಬಂಧ ಜೋಡಿಸೋದು ಹೇಗೆ?

ಪ್ರಶ್ನೆ: ಜರ್ಮನ್ ಚಿತ್ರಕಾರ ಡ್ಯೂರರ್ 1500ರಲ್ಲಿ ಬರೆದ ಸ್ವಂತ ಭಾವಚಿತ್ರವನ್ನೂ ಮೆಕ್ಸಿಕೋದ ಚಿತ್ರಕಾರ್ತಿ ಫ್ರೀಡಾ ಕಾಲೊ 1940ರಲ್ಲಿ ತನ್ನನ್ನೇ ಬರೆದುಕೊಂಡ ಮುಳ್ಳಿನ ಹಾರದ ಚಿತ್ರವನ್ನೂ ಹೋಲಿಸಿ ಬರೆಯಬೇಕು. ಮೊದಲರ್ಧ ಅವನ ಬಗ್ಗೆ, ಉಳಿದರ್ಧ ಇವಳ ಬಗ್ಗೆ ಬರೆದೆ. "ಎರಡು ಪ್ರಬಂಧ ಅಂಟಿಸಿದ ಹಾಗಿದೆ" ಅಂತ ವಾಪಸ್ ಬಂತು. ಹೇಗೆ ಸರಿ ಮಾಡಲಿ?

ಉತ್ತರ: ಮೊದಲು ಹೋಲಿಕೆಗೆ ಒಂದು ನೆಲೆ ಹುಡುಕಿ. "ಇಬ್ಬರೂ ತಮ್ಮನ್ನೇ ಚಿತ್ರಿಸಿಕೊಂಡರು" ಅನ್ನೋದು ನೆಲೆ ಆಗುವುದಿಲ್ಲ, ಅದು ಎಲ್ಲ ಸ್ವಂತ ಭಾವಚಿತ್ರಕ್ಕೂ ಒಪ್ಪುತ್ತದೆ. ಈ ಎರಡಕ್ಕೆ ಮಾತ್ರ ಒಪ್ಪುವಂಥದ್ದು ಬೇಕು. ನನ್ನ ಕಣ್ಣಿಗೆ ಅದು ಇದು: ಇಬ್ಬರೂ ಕ್ರಿಸ್ತನ ಚಿತ್ರದಿಂದ ಏನನ್ನೋ ತೆಗೆದು ತಮ್ಮ ಮೈಮೇಲೆ ಹಾಕಿಕೊಂಡಿದ್ದಾರೆ. ಯಾವುದನ್ನು ತೆಗೆದರು ಅನ್ನೋದರಲ್ಲಿ ಬೇರೆಯಾಗುತ್ತಾರೆ.

ಹಾಗಾಗಿ ನಿಮ್ಮ ಮುಖ್ಯ ವಾದ ಹೀಗಿರಬಹುದು: "ಡ್ಯೂರರ್ ಕ್ರಿಸ್ತನ ಮುಖವನ್ನು ಎರವಲು ಪಡೆದು ಸೃಷ್ಟಿಸುವ ಶಕ್ತಿ ತನ್ನದು ಎನ್ನುತ್ತಾನೆ. ಕಾಲೊ ಕ್ರಿಸ್ತನ ಮುಳ್ಳನ್ನು ಎರವಲು ಪಡೆದು ನೋವು ತನ್ನದು ಎನ್ನುತ್ತಾಳೆ." ಇದನ್ನು ಯಾರಾದರೂ ಅಲ್ಲಗಳೆಯಬಹುದು, ಅಲ್ವಾ? ಅಲ್ಲಗಳೆಯಲು ಬಂದರೆ ಮಾತ್ರ ಅದು ವಾದ.

ಈಗ ಜೋಡಣೆ. ಅರ್ಧರ್ಧ ಬಿಟ್ಟುಬಿಡಿ. ಒಂದೊಂದು ಪ್ಯಾರಾದಲ್ಲೂ ಒಂದೇ ಅಂಶ ಹಿಡಿದು ಎರಡೂ ಚಿತ್ರಗಳನ್ನು ನೋಡಿ. ಹತ್ತಿರ ಇರುವ ಕಡೆಯಿಂದ ಶುರು ಮಾಡಿ, ದೂರ ಆಗುವ ಕಡೆಗೆ ಹೋಗಿ.

ಮೊದಲ ಅಂಶ ನೇರ ನೋಟ. ಇದಕ್ಕೆ ಜಾಸ್ತಿ ಜಾಗ ಕೊಡಿ. ಡ್ಯೂರರ್ 1493 ಮತ್ತು 1498ರ ತನ್ನ ಚಿತ್ರಗಳಲ್ಲಿ ಮುಖವನ್ನು ಸ್ವಲ್ಪ ಓರೆ ಮಾಡಿಕೊಂಡಿದ್ದ. ಆಗ ಭಾವಚಿತ್ರಗಳಲ್ಲಿ ಅದೇ ರೂಢಿ. ಪೂರ್ತಿ ಎದುರಾಗಿ, ಎಡ-ಬಲ ಸಮನಾಗಿ ಕೂರುವ ಮುಖ ಹೆಚ್ಚಾಗಿ ಕ್ರಿಸ್ತನದು. 1500ರಲ್ಲಿ ಅವನು ಎದುರು ತಿರುಗಿದ. ಕಾಲೊ ಕಾಲಕ್ಕೆ ಎದುರು ನೋಡುವ ಮುಖ ಫೋಟೋಗಳಲ್ಲೇ ಸಾಮಾನ್ಯವಾಗಿತ್ತು. ಆದ್ದರಿಂದ ಅವಳ ನೇರ ನೋಟವೊಂದೇ ಕ್ರಿಸ್ತನನ್ನು ನೆನಪಿಸುವುದಿಲ್ಲ, ಮುಳ್ಳು ಬೇಕಾಯಿತು. 440 ವರ್ಷಗಳ ಅಂತರ ಪ್ರಬಂಧಕ್ಕೆ ಬರಬೇಕಾದ ಜಾಗ ಇದು. ಪೀಠಿಕೆಯಲ್ಲಿ "ಕಾಲ ಬದಲಾಗಿದೆ" ಅಂತ ಸುಮ್ನೆ ಬರೆದರೆ ಏನೂ ಹೇಳಿದಂತಾಗುವುದಿಲ್ಲ.

ಎರಡನೆಯದು ಕುತ್ತಿಗೆ ಮತ್ತು ಎದೆ. ಇಲ್ಲಿ ಪ್ಯಾರಾ ಹೀಗೆ ಸಾಗಬಹುದು:

"ಡ್ಯೂರರ್‌ನ ಕೈ ಎದೆಯ ಮೇಲಿದೆ, ಬೆರಳುಗಳು ಕೋಟಿನ ತುಪ್ಪಳವನ್ನು ಹಿಡಿದಿವೆ. ಆಶೀರ್ವದಿಸುವ ಕೈಯನ್ನು ನೆನಪಿಸಿದರೂ ಇದು ಚಿತ್ರ ಬರೆಯುವವನ ಕೈ. ಕಾಲೊ ಚಿತ್ರದಲ್ಲಿ ಕೈಯೇ ಕಾಣುವುದಿಲ್ಲ. ತಲೆಯ ಮೇಲಿರಬೇಕಾದ ಮುಳ್ಳಿನ ಕಿರೀಟ ಕುತ್ತಿಗೆಗೆ ಇಳಿದು ಹಾರವಾಗಿದೆ, ರಕ್ತದ ಹನಿಗಳಿವೆ, ಅದರಲ್ಲಿ ಸತ್ತ ಹಮ್ಮಿಂಗ್‌ಬರ್ಡ್ ನೇತಾಡುತ್ತಿದೆ. ಅವನು ಮಾಡುವವನು, ಇವಳು ಸಹಿಸುವವಳು. ಆದರೂ ಅವಳ ಮುಖದಲ್ಲಿ ನೋವಿನ ಸುಳಿವಿಲ್ಲ."

ಆ ಕೊನೆಯ ವಾಕ್ಯ ನಿಮ್ಮ ವಾದವನ್ನೇ ಸ್ವಲ್ಪ ಅಲುಗಾಡಿಸುತ್ತದೆ. ಅದನ್ನು ಮುಚ್ಚಿಡಬೇಡಿ. ಸಹಿಸುವುದೂ ಒಂದು ಬಗೆಯ ಹಿಡಿತವೇ ಎಂಬ ಕಡೆಗೆ ಅದು ನಿಮ್ಮನ್ನು ಕರೆದೊಯ್ಯುತ್ತದೆ.

ಮೂರನೆಯದು ಅಕ್ಕಪಕ್ಕದ ಜಾಗ. ಇದು ಚಿಕ್ಕದಾಗಿರಲಿ. ಡ್ಯೂರರ್ ಹಿಂದೆ ಬರೀ ಕತ್ತಲು. ಕಣ್ಣಿನ ಮಟ್ಟಕ್ಕೆ ಒಂದು ಕಡೆ 1500 ಎಂಬ ಇಸವಿ ಮತ್ತು ಅವನ ಹೆಸರಿನ ಮುದ್ರೆ, ಇನ್ನೊಂದು ಕಡೆ 28ನೇ ವಯಸ್ಸಿನಲ್ಲಿ ತನ್ನನ್ನು ಹೀಗೆ ಬರೆದುಕೊಂಡೆ ಎಂಬ ಲ್ಯಾಟಿನ್ ಸಾಲುಗಳು. ಕಾಲೊ ಹಿಂದೆ ಒತ್ತಾದ ಎಲೆಗಳು, ಹೆಗಲುಗಳ ಬಳಿ ಒಂದು ಕಡೆ ಕೋತಿ, ಇನ್ನೊಂದು ಕಡೆ ಕಪ್ಪು ಬೆಕ್ಕು. ಅವನ ಪಕ್ಕ ನಿಂತು ಸಾಕ್ಷಿ ಹೇಳುವುದು ಅಕ್ಷರ, ಇವಳ ಪಕ್ಕ ಜೀವಿಗಳು. ಅದರಲ್ಲೂ ಕೋತಿ ಆ ಮುಳ್ಳಿನ ಹಾರಕ್ಕೇ ಕೈ ಹಾಕಿದೆ.

ಎರಡು ಕಡೆ ಜಾರುವ ಅಪಾಯ ಇದೆ. ಕಾಲೊ ಜೀವನಕಥೆ ಒಂದು. 1925ರ ಬಸ್ ಅಪಘಾತ, 1939ರಲ್ಲಿ ಡಿಯೇಗೊ ರಿವೇರಾ ಜೊತೆ ವಿಚ್ಛೇದನ, ಇವೆಲ್ಲ ನಿಜ. ಆದರೆ ಅವಳಿಗೆ ಬರೀ ಜೀವನ, ಅವನಿಗೆ ಬರೀ ಕಲೆ ಅಂತ ಹಂಚಿಬಿಟ್ಟರೆ ಹೋಲಿಕೆ ಸತ್ತುಹೋಗುತ್ತದೆ. ಒಂದೇ ವಾಕ್ಯದಲ್ಲಿ ಹೇಳಿ ಚಿತ್ರಕ್ಕೆ ವಾಪಸ್ ಬನ್ನಿ. ಇನ್ನೊಂದು, "ಕಾಲೊ ಡ್ಯೂರರ್‌ನಿಂದ ಪ್ರಭಾವಿತಳಾದಳು" ಎನ್ನುವುದು. ಪುರಾವೆ ಇಲ್ಲದೆ ಹಾಗೆ ಬರೆಯಬೇಡಿ. ಇಬ್ಬರ ಸುತ್ತಲೂ ಕ್ರಿಸ್ತನ ಚಿತ್ರಗಳಿದ್ದವು: ಅವನಿಗೆ ಉತ್ತರ ಯುರೋಪಿನವು, ಅವಳಿಗೆ ಮೆಕ್ಸಿಕೋದವು. ಹರಕೆ ತೀರಿಸಲು ಚರ್ಚಿಗೆ ಕೊಡುವ ಚಿಕ್ಕ ಚಿತ್ರಗಳನ್ನು ಅವಳು ಸಂಗ್ರಹಿಸುತ್ತಿದ್ದಳು. ಹೋಲಿಕೆಗೆ ಇಷ್ಟು ಸಾಕು.

ಬರೆದ ಮೇಲೆ ಪ್ರತಿ ಪ್ಯಾರಾದಲ್ಲೂ ಒಬ್ಬರ ವಾಕ್ಯಗಳನ್ನು ಬೆರಳಲ್ಲಿ ಮುಚ್ಚಿ ಓದಿ. ಉಳಿದದ್ದು ಏನೂ ಕಳೆದುಕೊಳ್ಳದೆ ಹಾಗೇ ನಿಂತರೆ, ಆ ಪ್ಯಾರಾದಲ್ಲಿ ಇನ್ನೂ ಹೋಲಿಕೆ ಆಗಿಲ್ಲ. ಅದನ್ನೇ ಮತ್ತೆ ಬರೆಯಿರಿ.